ವಿಳಾಸ ಸರಿ, ನೆಟ್‌ವರ್ಕ್ ತಪ್ಪು: ಬೆಟ್ಟಿಂಗ್ ಸೈಟಿಗೆ ಕಳಿಸಿದ ಯುಎಸ್‌ಡಿಟಿ ಎಲ್ಲಿ ಹೋಯ್ತು?

ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಇಂಥ ಆಟಕ್ಕೆ ಬ್ಯಾಂಕುಗಳು ಹಣ ದಾಟಿಸುವುದನ್ನೂ ಅದು ತಡೆಯುತ್ತದೆ. ಅದಾದ ಮೇಲೆ ಎಲ್ಲರೂ ಆಟ ಬಿಟ್ಟರು ಅಂದುಕೊಂಡರೆ ತಪ್ಪು. ಒಂದಷ್ಟು ಜನ ವಿದೇಶಿ ಸೈಟುಗಳಿಗೆ ಯುಎಸ್‌ಡಿಟಿಯಲ್ಲಿ, ಅಂದರೆ ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ಕಾಯಿನ್‌ನಲ್ಲಿ, ಡೆಪಾಸಿಟ್ ಮಾಡುತ್ತಾರೆ. ಆಡಿಟರ್ ಆಗಿರುವ ನನ್ನ ಹತ್ತಿರ ಅವರು ಬರುವುದು ತೆರಿಗೆ ಲೆಕ್ಕಕ್ಕೆ. ಆದರೆ ಕುರ್ಚಿಯಲ್ಲಿ ಕೂತ ಮೇಲೆ ಕೆಲವರ ಮೊದಲ ಪ್ರಶ್ನೆ ಬೇರೆಯೇ ಇರುತ್ತದೆ: ‘ಸರ್, ದುಡ್ಡು ಹೋಗಿದೆ ಅಂತ ತೋರಿಸ್ತಿದೆ, ಸೈಟಿಗೆ ಬಂದಿಲ್ಲ, ಏನ್ ಮಾಡೋದು?’

ದಾವಣಗೆರೆ ಕಡೆಯ ಒಬ್ಬ ಹುಡುಗನ ಕೇಸ್ ಹೇಳುತ್ತೇನೆ. ಅವನು 500 ಯುಎಸ್‌ಡಿಟಿ ಹಾಕಬೇಕಿತ್ತು. ಸೈಟಿನಲ್ಲಿ ಡೆಪಾಸಿಟ್ ಒತ್ತಿದಾಗ ನೆಟ್‌ವರ್ಕ್ ERC20 ಅಂತ ಇತ್ತು, ಅಂದರೆ ಇಥೀರಿಯಂ ಅನ್ನುವ ಬ್ಲಾಕ್‌ಚೈನ್. ಕೆಳಗೆ 0x ಅಂತ ಶುರುವಾಗುವ ಉದ್ದದ ವಿಳಾಸ. ಅದನ್ನು ಕಾಪಿ ಮಾಡಿ ತನ್ನ ಎಕ್ಸ್‌ಚೇಂಜ್ ಆ್ಯಪ್‌ನಲ್ಲಿ ಹಾಕಿದ. ಅಲ್ಲಿ ERC20ಗೆ ಶುಲ್ಕ ಕೆಲವು ಡಾಲರ್, BEP20ಗೆ ಒಂದು ಡಾಲರೂ ಇಲ್ಲ. ಕಮ್ಮಿ ಇರೋದನ್ನೇ ಆರಿಸಿಕೊಂಡ. ಯಾರಾದರೂ ಹಾಗೇ ಮಾಡ್ತಾರೆ, ಅಲ್ವಾ? ಆ್ಯಪ್ ತಕರಾರು ಮಾಡಲಿಲ್ಲ. ಒಂದೆರಡು ನಿಮಿಷದಲ್ಲಿ Success ಅಂತ ಬಂತು. ಸೈಟಿನಲ್ಲಿ ಮಾತ್ರ ಬ್ಯಾಲೆನ್ಸ್ ಸೊನ್ನೆ.

BEP20 ಅಂದರೆ ಬಿಎನ್‌ಬಿ ಚೈನ್. ಅದು ಇಥೀರಿಯಂನದೇ ನಮೂನೆಯಲ್ಲಿ ಕಟ್ಟಿದ್ದು. ಹಾಗಾಗಿ ವಿಳಾಸದ ಅಚ್ಚು ಎರಡರಲ್ಲೂ ಒಂದೇ: 0x, ಅದರ ಮುಂದೆ 40 ಅಕ್ಷರ. ಪಾಲಿಗಾನ್ ಕೂಡ ಹಾಗೇ. ಬೆಂಗಳೂರಲ್ಲೂ ಮೈಸೂರಲ್ಲೂ ಒಂದೇ ಡೋರ್ ನಂಬರ್, ಒಂದೇ ರಸ್ತೆ ಹೆಸರು ಇದ್ದ ಹಾಗೆ. ಊರಿನ ಹೆಸರು ತಪ್ಪಾದರೆ ಪಾರ್ಸೆಲ್ ಸರಿಯಾಗಿಯೇ ತಲುಪುತ್ತದೆ, ಬೇರೆ ಮನೆಗೆ. ಟ್ರಾನ್ ನೆಟ್‌ವರ್ಕ್ ಆಗಿದ್ದರೆ ಈ ಗೊಂದಲ ಆಗುತ್ತಿರಲಿಲ್ಲ. TRC20 ವಿಳಾಸ ಶುರುವಾಗುವುದು T ಅಕ್ಷರದಿಂದ. ಅದನ್ನು ERC20 ಜಾಗದಲ್ಲಿ ಹಾಕಿದರೆ ಆ್ಯಪ್ ಅಲ್ಲೇ ಬೇಡ ಅನ್ನುತ್ತದೆ.

ದುಡ್ಡು ಎಲ್ಲಿದೆ ಅಂತ ನೋಡುವುದು ಸುಲಭ. ಅವನ ಡೆಪಾಸಿಟ್ ವಿಳಾಸವನ್ನು ಮೊದಲು ಇಥೀರಿಯಂ ವ್ಯವಹಾರಗಳನ್ನು ತೋರಿಸುವ etherscan.io ನಲ್ಲಿ ಹಾಕಿದೆವು. ಹಳೆಯ ಎರಡು ಡೆಪಾಸಿಟ್ ಕಂಡವು, ಈ 500 ಇಲ್ಲ. ಅದೇ ವಿಳಾಸವನ್ನು ಬಿಎನ್‌ಬಿ ಚೈನ್‌ನದನ್ನು ತೋರಿಸುವ bscscan.com ನಲ್ಲಿ ಹಾಕಿದೆವು. ಅಲ್ಲಿ 500 ಯುಎಸ್‌ಡಿಟಿ ತಣ್ಣಗೆ ಕೂತಿತ್ತು. ‘ಇದೆಯಲ್ಲ ಸರ್!’ ಅಂದ. ಇದೆ, ಆದರೆ ಅದರ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದೇ ಪ್ರಶ್ನೆ.

ಇಂಥ ಸೈಟುಗಳು ಪ್ರತಿ ಗ್ರಾಹಕನಿಗೂ ಬೇರೆ ಬೇರೆ ಡೆಪಾಸಿಟ್ ವಿಳಾಸ ಕೊಡುತ್ತವೆ. ಒಂದು ಸಾಫ್ಟ್‌ವೇರ್ ಆ ವಿಳಾಸಗಳನ್ನು ಕಾಯುತ್ತಾ ಇರುತ್ತದೆ, ದುಡ್ಡು ಬಂದ ತಕ್ಷಣ ನಿಮ್ಮ ಖಾತೆಗೆ ಬ್ಯಾಲೆನ್ಸ್ ಹಾಕಿ, ಆಮೇಲೆ ಆ ದುಡ್ಡನ್ನು ತಮ್ಮ ಮುಖ್ಯ ವ್ಯಾಲೆಟ್‌ಗೆ ಗುಡಿಸಿಕೊಳ್ಳುತ್ತದೆ. ERC20 ವಿಳಾಸವನ್ನು ಕಾಯುವ ಸಾಫ್ಟ್‌ವೇರ್ ನೋಡುವುದು ಇಥೀರಿಯಂ ಒಂದನ್ನೇ. ಬಿಎನ್‌ಬಿ ಚೈನ್‌ನಲ್ಲಿ ಏನು ಬಂತು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ.

ಇಲ್ಲಿಂದ ಎರಡು ದಾರಿ. ಆ ವಿಳಾಸ ಒಂದು ಪ್ರೈವೇಟ್ ಕೀ, ಅಂದರೆ ಗುಟ್ಟಿನ ಸಂಖ್ಯೆಯಿಂದ ಹುಟ್ಟಿದ್ದರೆ ಅದೇ ಕೀ ಬಿಎನ್‌ಬಿ ಚೈನ್‌ನಲ್ಲೂ ನಡೆಯುತ್ತದೆ. ಶುಲ್ಕಕ್ಕೆ ಚೂರು ಬಿಎನ್‌ಬಿ ಹಾಕಿ, ಕೈಯಿಂದ ಹೊರತೆಗೆಯಬಹುದು. ಅದು ಸೈಟಿನವರ ಕೈಯಲ್ಲಿರುವ ಕೆಲಸ, ಮನಸ್ಸು ಮಾಡಬೇಕಾದವರೂ ಅವರೇ. ಎಷ್ಟೋ ಸೈಟುಗಳಿಗೆ ಕೀ ಕೂಡ ಸ್ವಂತದ್ದಲ್ಲ, ಹಣ ಪಡೆಯುವ ಕೆಲಸವನ್ನು ಇನ್ನೊಂದು ಕಂಪನಿಗೆ ಕೊಟ್ಟಿರುತ್ತಾರೆ. ನಿಮ್ಮ 500 ಡಾಲರ್‌ಗೋಸ್ಕರ ಅಲ್ಲಿ ಯಾರೂ ಎದ್ದು ಕೂರುವುದಿಲ್ಲ.

ಎರಡನೆಯದು ಕೆಟ್ಟದ್ದು. ಡೆಪಾಸಿಟ್ ವಿಳಾಸವೇ ಒಂದು ಸ್ಮಾರ್ಟ್ ಕಾಂಟ್ರಾಕ್ಟ್ ಆಗಿರಬಹುದು. ಆಗ ದುಡ್ಡು ಹೊರತೆಗೆಯುವುದು ಕೀ ಅಲ್ಲ, ಆ ವಿಳಾಸದಲ್ಲಿರುವ ಕೋಡ್. ಆ ಕೋಡ್ ಇರುವುದು ಇಥೀರಿಯಂನಲ್ಲಿ. ಬಿಎನ್‌ಬಿ ಚೈನ್‌ನಲ್ಲಿ ಅದೇ ವಿಳಾಸ ಖಾಲಿ ಸೈಟು, ಮನೆಯೂ ಇಲ್ಲ ಬೀಗವೂ ಇಲ್ಲ. ಕೆಲವು ಸಲ ಅದೇ ಕಾಂಟ್ರಾಕ್ಟನ್ನು ಅದೇ ವಿಳಾಸದಲ್ಲಿ ಇನ್ನೊಂದು ಚೈನ್‌ನಲ್ಲೂ ಎಬ್ಬಿಸಬಹುದು, ಆದರೆ ಅದು ಸಾಮಾನ್ಯವಾಗಿ ಮೊದಲು ಕಟ್ಟಿದವರಿಗೆ ಮಾತ್ರ ಸಾಧ್ಯ, ಅವರು ಕಟ್ಟಿದ ರೀತಿಯೂ ಅದಕ್ಕೆ ಒಗ್ಗಬೇಕು. ಇದನ್ನು ನೀವೇ ನೋಡಿಕೊಳ್ಳಬಹುದು: etherscan ನಲ್ಲಿ ವಿಳಾಸದ ಪುಟದಲ್ಲಿ Contract ಅಂತ ಒಂದು ಟ್ಯಾಬ್ ಇದೆಯಾ ಅಂತ ಹುಡುಕಿ. ಈ ಹುಡುಗನ ವಿಳಾಸದಲ್ಲಿ ಇತ್ತು. ಸೈಟಿನ ಸಪೋರ್ಟ್‌ನಿಂದ ಬಂದ ಉತ್ತರ ಒಂದೇ ಸಾಲು: ತಪ್ಪು ನೆಟ್‌ವರ್ಕ್‌ನಲ್ಲಿ ಬಂದ ಹಣಕ್ಕೆ ನಾವು ಜವಾಬ್ದಾರರಲ್ಲ, ನಿಯಮಗಳಲ್ಲಿ ಬರೆದಿದೆ. ಬರೆದಿತ್ತು, ನಿಜ.

ಯುಎಸ್‌ಡಿಟಿ ಮಾಡಿದ ಟೆದರ್ ಕಂಪನಿಗೆ ಮೇಲ್ ಹಾಕಿದರೆ? ಅವರು ಇಥೀರಿಯಂ, ಟ್ರಾನ್‌ನಂಥ ಕಡೆ ಒಂದು ವಿಳಾಸವನ್ನು ಫ್ರೀಜ್ ಮಾಡಬಲ್ಲರು, ಪೊಲೀಸರ ಕೋರಿಕೆ ಮೇಲೆ ಮಾಡಿಯೂ ಇದ್ದಾರೆ. ಆದರೆ ಬಿಎನ್‌ಬಿ ಚೈನ್‌ನಲ್ಲಿ ಓಡಾಡುವ ಸಾಮಾನ್ಯ ಯುಎಸ್‌ಡಿಟಿ ಟೆದರ್ ಹೊರಡಿಸಿದ್ದಲ್ಲ, ಬೈನಾನ್ಸ್ ಎಕ್ಸ್‌ಚೇಂಜ್ ಹೊರಡಿಸಿದ ಪ್ರತಿರೂಪ. ಅದರ ಮೇಲೆ ಟೆದರ್‌ಗೆ ಹಿಡಿತವೇ ಇಲ್ಲ.

ಇನ್ನು ವಿಳಾಸವೇ ತಪ್ಪಾಗುವ ಕೇಸುಗಳು. ಅಕ್ಷರ ತಪ್ಪಿ ಟೈಪ್ ಮಾಡಿ ದುಡ್ಡು ಕಳೆದುಕೊಳ್ಳುವುದು ಅಪರೂಪ. ಟ್ರಾನ್ ವಿಳಾಸದೊಳಗೇ ತಾಳೆ ನೋಡುವ ಒಂದು ಭಾಗ ಇರುತ್ತದೆ, ಒಂದು ಅಕ್ಷರ ಹೆಚ್ಚು ಕಮ್ಮಿ ಆದರೂ ಆ್ಯಪ್ ಹಿಡಿಯುತ್ತದೆ. ಜನ ಕಳೆದುಕೊಳ್ಳುವುದು ಪಕ್ಕಾ ಇರುವ, ಆದರೆ ಬೇರೆಯವರ ವಿಳಾಸಕ್ಕೆ ಕಳಿಸಿ. ಅದರಲ್ಲೂ ಬೆಟ್ಟಿಂಗ್ ಆಡುವವರು ಒಂದೇ ಕಡೆಗೆ ಮತ್ತೆ ಮತ್ತೆ ಕಳಿಸುತ್ತಾರೆ. ಹಾಗಾಗಿ ಸೈಟಿಗೆ ಹೋಗಿ ವಿಳಾಸ ತರುವ ಬದಲು ವ್ಯಾಲೆಟ್‌ನ ಹಿಸ್ಟರಿಯಿಂದಲೇ ಕಾಪಿ ಮಾಡುತ್ತಾರೆ.

ಕಳ್ಳರಿಗೆ ಬೇಕಾಗಿರುವುದೂ ಇದೇ. ಚೈನ್‌ನಲ್ಲಿ ಎಲ್ಲ ವ್ಯವಹಾರವೂ ಬಹಿರಂಗ. ನೀವು ಯಾವ ವಿಳಾಸಕ್ಕೆ ಕಳಿಸುತ್ತೀರಿ ಅಂತ ನೋಡಿ, ಅದರ ಮೊದಲ ಮತ್ತು ಕೊನೆಯ ಅಕ್ಷರಗಳಿಗೇ ಹೊಂದುವ ಇನ್ನೊಂದು ವಿಳಾಸವನ್ನು ಕಂಪ್ಯೂಟರ್‌ನಲ್ಲಿ ಹುಟ್ಟಿಸುತ್ತಾರೆ. ಆಮೇಲೆ ಸೊನ್ನೆ ಯುಎಸ್‌ಡಿಟಿಯ ಒಂದು ವ್ಯವಹಾರವನ್ನು ನಿಮ್ಮ ಹಿಸ್ಟರಿಗೆ ತುರುಕುತ್ತಾರೆ. ಸೊನ್ನೆ ಮೊತ್ತಕ್ಕೆ ನಿಮ್ಮ ಒಪ್ಪಿಗೆ ಬೇಕಿಲ್ಲ, ಹಾಗಾಗಿ ನೀವೇ ಕಳಿಸಿದ ಹಾಗೆ ಕಾಣುತ್ತದೆ. ಆ್ಯಪ್ ತೋರಿಸುವುದು ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ, ನಡುವೆ ಚುಕ್ಕಿ. ಕಣ್ಣಿಗೆ ಎರಡೂ ಒಂದೇ. ವ್ಯತ್ಯಾಸ ಇರುವುದು ನಡುವಿನ ಅಕ್ಷರಗಳಲ್ಲಿ, ಅದನ್ನು ಓದುವವರು ಯಾರು? ಇದಕ್ಕೆ ಬಲಿಯಾದವರು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಬೇಕು, ಯಾಕೆಂದರೆ ಇದು ವಂಚನೆ. ತಪ್ಪು ನೆಟ್‌ವರ್ಕ್ ಆರಿಸಿದವರ ಕೇಸಿನಲ್ಲಿ ವಂಚಿಸಿದವರೇ ಇರುವುದಿಲ್ಲ.

‘ಮೊದಲು ಸ್ವಲ್ಪ ಕಳಿಸಿ ಟೆಸ್ಟ್ ಮಾಡಿ’ ಅನ್ನುವ ಸಲಹೆ ಸರಿ, ಒಂದು ತೊಡಕಿದೆ. ಎಷ್ಟೋ ಸೈಟುಗಳಲ್ಲಿ ಕನಿಷ್ಠ ಡೆಪಾಸಿಟ್ ಇಷ್ಟು ಅಂತ ಇರುತ್ತದೆ. ಅದಕ್ಕಿಂತ ಕಮ್ಮಿ ಹಾಕಿದರೆ ವಿಳಾಸ, ನೆಟ್‌ವರ್ಕ್ ಎರಡೂ ಸರಿ ಇದ್ದರೂ ಬ್ಯಾಲೆನ್ಸ್ ಬರುವುದಿಲ್ಲ. ಕೆಲವು ಕಡೆ ವಿಳಾಸದ ಪಕ್ಕದಲ್ಲೇ ಗಡಿಯಾರ ಓಡುತ್ತಿರುತ್ತದೆ, ಸಮಯ ಮುಗಿದ ಮೇಲೆ ಆ ವಿಳಾಸವನ್ನು ಯಾರೂ ಕಾಯುವುದಿಲ್ಲ.

ಹುಡುಗ ಟೆಲಿಗ್ರಾಂನಲ್ಲಿ ಕೇಳಿದಾಗ ‘ರಿಕವರಿ ಮಾಡಿಕೊಡ್ತೀವಿ’ ಅಂತ ಇಬ್ಬರು ಬಂದರು, ಒಬ್ಬ ಅಡ್ವಾನ್ಸ್ ಕೇಳಿದ, ಇನ್ನೊಬ್ಬ ಸೀಡ್ ಫ್ರೇಸ್, ಅಂದರೆ ಇಡೀ ವ್ಯಾಲೆಟ್ ತೆರೆಯುವ ಗುಟ್ಟಿನ ಪದಗಳು. ಕೊಡಬೇಡ ಅಂದೆ. ಕೀ ಇಲ್ಲದ ಕಡೆ ಯಾವ ಎಕ್ಸ್‌ಪರ್ಟ್ ಬಂದರೂ ತೆಗೆಯಲು ಆಗುವುದಿಲ್ಲ.

ಕೊನೆಗೆ ತೆರಿಗೆಗೆ ಬಂದೆವು. ಈ 500 ಅನ್ನು ನಷ್ಟ ಅಂತ ತೋರಿಸಿ ಬೇರೆ ಕಾಯಿನ್ ಲಾಭದಲ್ಲಿ ಕಳೆಯಬಹುದಾ ಅಂತ ಕೇಳಿದ. ಆಗುವುದಿಲ್ಲ. ಕ್ರಿಪ್ಟೋ ಲಾಭಕ್ಕೆ ನೇರ 30% ತೆರಿಗೆ, ಮಾರಿದ ಕಾಯಿನ್‌ಗೆ ಕೊಟ್ಟ ಬೆಲೆ ಬಿಟ್ಟರೆ ಬೇರೇನೂ ಕಳೆಯುವ ಹಾಗಿಲ್ಲ, ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವ ಹಾಗೂ ಇಲ್ಲ. ವ್ಯವಹಾರದ ಗುರುತು ಸಂಖ್ಯೆಯಾದ TxID ಮತ್ತು bscscan ಪುಟದ ಸ್ಕ್ರೀನ್‌ಶಾಟ್ ಫೈಲಿನಲ್ಲಿ ಇಟ್ಟುಕೊ ಅಂದೆ. ನಾಳೆ ಇಲಾಖೆಯವರು ಬ್ಯಾಂಕಿನಿಂದ ಹೋದ ದುಡ್ಡು ಎಲ್ಲಿ ಅಂತ ಕೇಳಿದರೆ ತೋರಿಸಲು ಅವನ ಹತ್ತಿರ ಇರುವುದು ಅಷ್ಟೇ.