ವಾರಂಟಿ ಯಾವುದಕ್ಕೆ, ಬಿಲ್ಲು ಯಾವುದರದು?

ಹೋದ ತಿಂಗಳು ಗದಗದ ಹುಡುಗನೊಬ್ಬ ಪಿಎಸ್5 ಗೇಮ್ ಕನ್ಸೋಲ್ ಅನ್ನು ಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಯ ನನ್ನ ರಿಪೇರಿ ಅಂಗಡಿಗೆ ಬಂದ. ಕನ್ಸೋಲ್ ಆನ್ ಆಗುತ್ತದೆ, ಟಿವಿಯಲ್ಲಿ ಚಿತ್ರ ಬರುವುದಿಲ್ಲ. "ಅಣ್ಣಾರ, ನಾಲ್ಕೂವರೆ ಸಾವಿರ ಕೊಟ್ಟು ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡೀನ್ರಿ. ಈಗ ನೋಡಿದ್ರ ಆಗೂದಿಲ್ಲ ಅಂತಾರ" ಎಂದ. ಟಾರ್ಚ್ ಹಾಕಿ ನೋಡಿದೆ. ಎಚ್‌ಡಿಎಂಐ ಪೋರ್ಟ್ ಒಳಗೆ ಎರಡು ಪಿನ್ ಬಾಗಿ ಒಂದಕ್ಕೊಂದು ತಾಗಿದ್ದವು. ಕೇಬಲ್ ಓರೆಯಾಗಿ ತುರುಕಿದಾಗ ಹೀಗಾಗುತ್ತದೆ.

ಇದನ್ನು ಎಷ್ಟು ಸಲ ಹೇಳಿದ್ದೇನೋ! ಎಕ್ಸ್‌ಟೆಂಡೆಡ್ ವಾರಂಟಿ ಅಂದರೆ ಇನ್ಶೂರೆನ್ಸ್ ಅಲ್ಲ. ಕಂಪನಿಯ ಒಂದು ವರ್ಷದ ವಾರಂಟಿ ಮುಗಿದ ಮೇಲೆ, ತಾನಾಗಿಯೇ ಕೆಟ್ಟ ಭಾಗಕ್ಕೆ ಮಾತ್ರ ಅದು. ಪವರ್ ಸಪ್ಲೈ ಸತ್ತರೆ, ಡಿಸ್ಕ್ ಡ್ರೈವ್ ಓದದಿದ್ದರೆ ಸಾಮಾನ್ಯವಾಗಿ ಸಿಗುತ್ತದೆ. ಬಿದ್ದದ್ದು, ನೀರು ಹೋದದ್ದು, ಪೋರ್ಟ್ ಮುರಿದದ್ದು, ಸಿಡಿಲಿಗೆ ಸುಟ್ಟದ್ದು ಹೆಚ್ಚಿನ ಪ್ಲಾನ್‌ಗಳಲ್ಲಿ ಸಿಗುವುದಿಲ್ಲ. ಕಂಟ್ರೋಲರ್‌ನ ಸ್ಟಿಕ್ ತಾನೇ ಸರಿಯುವುದನ್ನೂ ಸವೆತ ಎಂದು ಕೈಬಿಡುವವರೇ ಜಾಸ್ತಿ. ನನ್ನ ಮೇಜಿಗೆ ಬರುವುದೆಲ್ಲ ಹೆಚ್ಚಾಗಿ ಇವೇ, ಅಲ್ವಾ?

ಆ ಹುಡುಗನ ಪೋರ್ಟ್ ಬದಲಿಸಲು ನಾನು ತೆಗೆದುಕೊಂಡದ್ದು ಎರಡೂವರೆ ಸಾವಿರ. ಹಾಗಂತ ಪ್ಲಾನ್ ಸುಮ್ನೆ ದಂಡ ಎನ್ನುವುದಿಲ್ಲ. ಮದರ್‌ಬೋರ್ಡ್ ಹೋದರೆ ಖರ್ಚು ದೊಡ್ಡದೇ. ಅಪಘಾತ ಮತ್ತು ವೋಲ್ಟೇಜ್ ಏರಿಳಿತ ಎರಡೂ ಸೇರಿವೆ ಎಂದು ಬರಹದಲ್ಲಿದ್ದರೆ, ಕ್ಲೇಮ್ ಮೊತ್ತದಲ್ಲಿ ಹಳೆಯದೆಂದು ಕಡಿತ ಇಲ್ಲದಿದ್ದರೆ, ಯೋಚಿಸಬಹುದು. ಕೌಂಟರ್‌ನವರ ಬಾಯಿಮಾತು ಲೆಕ್ಕಕ್ಕಿಲ್ಲ. ಷರತ್ತಿನ ಹಾಳೆ ಕೇಳಿ, ಓದಿಯೇ ದುಡ್ಡು ಕೊಡಿ.

ಇನ್ನು ಬಿಲ್ಲು. ಥರ್ಮಲ್ ಕಾಗದದ ಬಿಲ್ಲು ಬಿಸಿಲಿಗೆ, ಬಿಸಿಗೆ ಅಳಿಸಿಹೋಗುತ್ತದೆ. ಮನೆಗೆ ಹೋದ ದಿನವೇ ಫೋಟೋ ತೆಗೆದು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇದೆಯೇ ನೋಡಿ, ಇಲ್ಲದಿದ್ದರೆ ಅಂಗಡಿಯಲ್ಲೇ ಬರೆಸಿ ಸೀಲ್ ಹಾಕಿಸಿ. ಪ್ಲಾನಿನ ಬಿಲ್ಲು ಬೇರೆ ಇದ್ದರೆ ಅದನ್ನೂ ಜೊತೆಗಿಡಿ.

ಹಾವೇರಿಯ ಮೇಷ್ಟ್ರೊಬ್ಬರು ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದ್ದರು. ಆದರೂ ಸಿಕ್ಕಿಬಿದ್ದರು. ಮೊದಲ ವರ್ಷದಲ್ಲೇ ಕನ್ಸೋಲ್ ಕೆಟ್ಟು ಸರ್ವಿಸ್ ಸೆಂಟರ್ ಬೇರೆಯದನ್ನು ಕೊಟ್ಟಿತ್ತು. ಸೀರಿಯಲ್ ನಂಬರ್ ಬದಲಾಯಿತು. ಪ್ಲಾನ್ ಮಾತ್ರ ಹಳೆಯ ನಂಬರ್ ಮೇಲೆಯೇ ಉಳಿಯಿತು. ಎರಡನೇ ವರ್ಷ ಪವರ್ ಸಪ್ಲೈ ಹೋದಾಗ "ಇದು ನಿಮ್ಮ ಮಷೀನ್ ಅಲ್ಲ" ಎಂಬ ಉತ್ತರ ಬಂತು. ಬದಲಿ ಕೊಟ್ಟಾಗಿನ ಜಾಬ್ ಶೀಟಿನಲ್ಲಿ ಎರಡೂ ನಂಬರ್ ಇರುತ್ತವೆ, ಹುಡುಕಿ ಎಂದೆ. ಎರಡು ದಿನ ಮನೆಯೆಲ್ಲ ಜಾಲಾಡಿದರಂತೆ. ಕೊನೆಗೆ ಮಗನ ಹಳೇ ಡ್ರಾಯಿಂಗ್ ಪುಸ್ತಕದೊಳಗೆ ಸಿಕ್ಕಿತು. ಹಿಂಬದಿಯಲ್ಲಿ ಕ್ರಿಕೆಟ್ ಸ್ಕೋರ್ ಬರೆದಿತ್ತು. ಆದರೂ ಕ್ಲೇಮ್ ಆಯಿತು.