ಹಣತೆ ಒಂದೇ, ತೋರಿಸುವುದು ಬೇರೆ ಬೇರೆ

ಮೈಸೂರಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಪಾಠ ಮಾಡಿದ್ದೇನೆ. ‘ಆತ್ಮ ಅಂದ್ರೆ ಜ್ಯೋತಿ ಅಂತ ಎಲ್ಲ ಮತದವರೂ ಹೇಳಿದ್ದಾರಲ್ಲ ಸಾರ್, ಮತ್ತೆ ವಾದ ಯಾಕೆ?’ ಅನ್ನುವ ಮಾತು ಕೇಳದ ವರ್ಷವಿಲ್ಲ. ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ದೀಪದ ಹೋಲಿಕೆ ಒಂದೇ ಇರಬಹುದು. ದೀಪದಲ್ಲಿ ಯಾರು ಯಾವುದನ್ನು ನೋಡು ಅಂತಿದ್ದಾರೆ ಅನ್ನುವುದು ಮುಖ್ಯ ಅಲ್ವಾ?

ಈಚೆಗೆ ಮಂಡ್ಯದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ನನ್ನ ಹಳೆಯ ಶಿಷ್ಯನ ತಂದೆ ತೀರಿಕೊಂಡು ಮೂರು ದಿನವಾಗಿತ್ತು. ನಡುಮನೆಯಲ್ಲಿ ಅವರನ್ನು ಮಲಗಿಸಿದ್ದ ಜಾಗದಲ್ಲಿ ಮಣ್ಣಿನ ಹಣತೆ ಉರಿಯುತ್ತಿತ್ತು. ಅವನೂ ಅದೇ ಮಾತು ತೆಗೆದ. ಹಣತೆ ಎದುರಿಗೇ ಇತ್ತು, ಅದನ್ನೇ ತೋರಿಸಿ ಹೇಳಿದೆ.

ಜೈನರ ತತ್ವಾರ್ಥಸೂತ್ರ ಜೀವವನ್ನು ದೀಪಕ್ಕೆ ಹೋಲಿಸುತ್ತದೆ. ಅಲ್ಲಿ ನೋಡಬೇಕಾದದ್ದು ಬೆಳಕು. ಈ ಹಣತೆಯ ಬೆಳಕು ನಡುಮನೆ ತುಂಬ ಹರಡಿದೆ. ಮೇಲೊಂದು ಮಡಕೆ ಕವುಚಿದರೆ ಮಡಕೆಯೊಳಗೆ ಮಾತ್ರ ಇರುತ್ತದೆ. ಹಾಗೆಯೇ ಜೀವ ಇರುವೆಯ ಮೈಯಲ್ಲಿ ಇರುವೆಯಷ್ಟು, ಆನೆಯ ಮೈಯಲ್ಲಿ ಆನೆಯಷ್ಟು. ಕುಗ್ಗಲಿ, ಹಿಗ್ಗಲಿ, ಜೀವ ಅದೇ. ಜೈನರಿಗೆ ಅದು ನಿಜವಾಗಿ ಇರುವ ದ್ರವ್ಯ. ಹಾಗಂತ ತಕ್ಕಡಿಯಲ್ಲಿಟ್ಟು ತೂಗುವಂಥದ್ದಲ್ಲ. ಅದಕ್ಕೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ.

ಬೌದ್ಧರ ಮಿಲಿಂದಪ್ರಶ್ನೆಯಲ್ಲೂ ದೀಪ ಬರುತ್ತದೆ. ಅಲ್ಲಿ ನೋಡಬೇಕಾದದ್ದು ಬತ್ತಿಯ ತುದಿಯ ಕುಡಿ. ರಾತ್ರಿಯಿಡೀ ಉರಿಯುವ ದೀಪದಲ್ಲಿ ಮೊದಲ ಜಾವದ ಕುಡಿಯೂ ಕೊನೆಯ ಜಾವದ ಕುಡಿಯೂ ಒಂದೇನಾ ಅಂತ ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಕೇಳುತ್ತಾನೆ. ಅಲ್ಲ ಅನ್ನುತ್ತಾನೆ ರಾಜ. ಹಾಗಾದರೆ ಬೇರೆ ಬೇರೆ ದೀಪವೇ? ಅದೂ ಅಲ್ಲ. ಗಳಿಗೆ ಗಳಿಗೆಗೂ ಹೊಸ ಎಣ್ಣೆ ಉರಿಯುತ್ತದೆ, ಹಳೆಯ ಕುಡಿಯ ಆಸರೆಯಲ್ಲೇ ಹೊಸದು ಹುಟ್ಟುತ್ತದೆ. ಮನುಷ್ಯ ಅನ್ನುವುದು ಹೀಗೆ ಸಾಗುವ ಉರಿ. ಒಳಗೆ ಬದಲಾಗದೆ ಉಳಿಯುವ ವಸ್ತು ಯಾವುದೂ ಇಲ್ಲ. ಉದ್ದಕ್ಕೂ ಅದೇ ಆಗಿ ಉಳಿಯುವ ವಸ್ತು ಒಂದಿದೆ ಅನ್ನುತ್ತಾರೆ ಜೈನರು, ಇಲ್ಲ ಅನ್ನುತ್ತಾರೆ ಬೌದ್ಧರು. ಎರಡನ್ನೂ ‘ಜ್ಯೋತಿ’ ಅಂತ ಒಂದೇ ಗಂಟು ಕಟ್ಟಿದರೆ ಇಬ್ಬರಿಗೂ ಅನ್ಯಾಯ.

‘ಉಸಿರು ತಾನೇ ಆತ್ಮ?’ ಅಂದರು ಪಕ್ಕದಲ್ಲಿದ್ದ ಅವನ ದೊಡ್ಡಪ್ಪ. ಉಸಿರು ನಿಂತರೆ ಜೀವ ಹೋಯ್ತು ಅಂತೀವಿ, ಆ ಅನುಮಾನ ಸಹಜ. ಆದರೆ ಕಠೋಪನಿಷತ್ತು ಆಗಲೇ ಬೇರೆ ಮಾತು ಹೇಳಿದೆ: ಮನುಷ್ಯ ಬದುಕುವುದು ಪ್ರಾಣ ಅನ್ನುವ ಉಸಿರಿನಿಂದಲೂ ಅಲ್ಲ, ಅಪಾನ ಅನ್ನುವ ಉಸಿರಿನಿಂದಲೂ ಅಲ್ಲ, ಅವೆರಡೂ ಯಾವುದನ್ನು ಆಶ್ರಯಿಸಿವೆಯೋ ಅದರಿಂದ.

ಶಿಷ್ಯ ಸುಮ್ಮನಿದ್ದ. ಆಮೇಲೆ ಕೇಳಿದ, ‘ಬೌದ್ಧರು ಹೇಳೋದು ನಿಜವಾದ್ರೆ ಅಪ್ಪನದ್ದು ಏನೂ ಉಳಿಯಲ್ಲ ಅಂತಾನಾ ಸಾರ್?’ ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡ ಅಂದೆ. ಒಂದು ದೀಪದಿಂದ ಇನ್ನೊಂದು ಹಚ್ಚಿದರೆ ಮೊದಲಿನದು ಎರಡನೆಯದಕ್ಕೆ ದಾಟಿ ಹೋಗುತ್ತದೆಯೇ ಅಂತಲೂ ನಾಗಸೇನ ಕೇಳಿದ್ದಾನೆ. ದಾಟಿ ಹೋಗುವ ವಸ್ತುವಿಲ್ಲ, ಆದರೂ ಉರಿ ಮುಂದುವರಿಯುತ್ತದೆ.

ಅಷ್ಟರಲ್ಲಿ ಅವನ ತಾಯಿ ಬಂದರು. ಬತ್ತಿ ಕರಕಾಗಿತ್ತು. ಹೊಸ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಹಳೆಯದರ ಉರಿಯಿಂದಲೇ ಹಚ್ಚಿದರು. ಹಳೆಯದನ್ನು ಆಚೆ ತೆಗೆದಿಟ್ಟರು. ಅವನು ತುಂಬ ಹೊತ್ತು ಆ ಹಣತೆಯನ್ನೇ ನೋಡುತ್ತಾ ಕೂತಿದ್ದ.