ಗೋಡೆ ನಲವತ್ತೇ ಮೀಟರ್ ಇದ್ದಾಗ

ಎರಡನೇ ಪಿಯುಸಿಗೆ ಡೆರಿವೇಟಿವ್‌ ಪಾಠ ಮಾಡುವಾಗ ಗರಿಷ್ಠ–ಕನಿಷ್ಠದ ಭಾಗ ಬಂತೆಂದರೆ ನಾನು ಬೋರ್ಡಿನ ಮೇಲೆ ಮೊದಲು ಬರೆಯುವುದು ಬೇಲಿಯ ಲೆಕ್ಕವನ್ನೇ. ನಿಮ್ಮ ಹತ್ತಿರ 100 ಮೀಟರ್ ಬೇಲಿ ಜಾಲರಿ ಇದೆ. ಒಂದು ಕಡೆ ಉದ್ದನೆಯ ಗೋಡೆ ಇದೆ, ಆ ಕಡೆಗೆ ಜಾಲರಿ ಬೇಡ. ಉಳಿದ ಮೂರು ಕಡೆ ಬೇಲಿ ಹಾಕಿ ಆಯತಾಕಾರದ ಜಾಗ ಮಾಡಬೇಕು. ಹೇಗೆ ಹಾಕಿದರೆ ಅತಿ ಹೆಚ್ಚು ಜಾಗ ಸಿಗುತ್ತದೆ?

ಗೋಡೆಯಿಂದ ಹೊರಕ್ಕೆ ಬರುವ ಎರಡು ಬದಿಗಳು ತಲಾ x ಮೀಟರ್ ಅಂತ ಇಟ್ಟುಕೊಳ್ಳಿ. ಗೋಡೆಗೆ ಎದುರಾಗಿರುವ ಬದಿ y. ಜಾಲರಿ ಒಟ್ಟು 2x + y = 100, ಅಂದರೆ y = 100 − 2x. ಇದನ್ನು ವಿಸ್ತೀರ್ಣಕ್ಕೆ ಹಾಕಿದರೆ A = x(100 − 2x). ಡೆರಿವೇಟಿವ್ 100 − 4x. ಅದನ್ನು ಸೊನ್ನೆ ಮಾಡಿದರೆ x = 25, y = 50, ವಿಸ್ತೀರ್ಣ 1250 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹನ್ನೆರಡು ಗುಂಟೆಗಿಂತ ಸ್ವಲ್ಪ ಜಾಸ್ತಿ.

ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಆದರೆ ಆ ಸೊನ್ನೆ ಏನು ಹೇಳುತ್ತಿದೆ ಅಂತ ಕೇಳಿದರೆ ಕ್ಲಾಸು ಸುಮ್ಮನಾಗುತ್ತದೆ. ಅದಕ್ಕೇ ನಾನು ಉತ್ತರವನ್ನು ಪಕ್ಕಕ್ಕಿಟ್ಟು x = 20 ಇರುವ ಬೇಲಿಯನ್ನು ಬರೆಯುತ್ತೇನೆ. ಆಗ y = 60, ವಿಸ್ತೀರ್ಣ 1200. ಈಗ ಈ ಬೇಲಿಯನ್ನು ಗೋಡೆಯಿಂದ ಇನ್ನು 10 ಸೆಂಟಿಮೀಟರ್ ಹೊರಕ್ಕೆ ತಳ್ಳಿ ನೋಡೋಣ. 60 ಮೀಟರ್ ಉದ್ದಕ್ಕೂ 10 ಸೆಂಟಿಮೀಟರ್ ಪಟ್ಟಿ ಸಿಕ್ಕಿತು, ಹೆಚ್ಚುಕಡಿಮೆ 6 ಚದರ ಮೀಟರ್ ಲಾಭ. ಆದರೆ ಎರಡೂ ಬದಿ ಉದ್ದವಾದವಲ್ಲ, ಅದಕ್ಕೆ 20 ಸೆಂಟಿಮೀಟರ್ ಜಾಲರಿ ಬೇಕು, ಅದು ಎದುರಿನ ಬದಿಯಿಂದಲೇ ಬರಬೇಕು. ಹಾಗಾಗಿ ಆ ಕಡೆ 20 ಸೆಂಟಿಮೀಟರ್ ಅಗಲದ, 20 ಮೀಟರ್ ಉದ್ದದ ಪಟ್ಟಿ ಹೋಯಿತು, 4 ಚದರ ಮೀಟರ್ ನಷ್ಟ. ಕೈಯಲ್ಲಿ ಉಳಿದದ್ದು ಸುಮಾರು 2. ಲಾಭ ಇದೆ, ಅಂದಮೇಲೆ ಇನ್ನೂ ತಳ್ಳಬಹುದು. x = 25 ಬಂದಾಗ ಲಾಭದ ಪಟ್ಟಿಯೂ ನಷ್ಟದ ಪಟ್ಟಿಯೂ ಸಮ ಆಗಿಬಿಡುತ್ತವೆ. ಅದೇ ಆ ಸೊನ್ನೆ. ಅದರಾಚೆ ತಳ್ಳಿದರೆ ಕೈಯಿಂದ ಹೋಗುವುದೇ ಜಾಸ್ತಿ.

ಇದನ್ನು ಹೀಗೆ ನೋಡಿದವರಿಗೆ ಇನ್ನೊಂದು ವಿಷಯ ತಾನಾಗಿ ಕಾಣುತ್ತದೆ. ಹೊರಕ್ಕೆ ಬರುವ ಎರಡು ಬದಿಗೆ ಒಟ್ಟು 50 ಮೀಟರ್ ಹೋಗಿದೆ, ಗೋಡೆಯ ಎದುರಿನ ಬದಿಗೂ 50. ಅರ್ಧ ಈ ದಿಕ್ಕಿಗೆ, ಅರ್ಧ ಆ ದಿಕ್ಕಿಗೆ. ಗೋಡೆಯೇ ಇಲ್ಲದೆ ನಾಲ್ಕೂ ಕಡೆ ಜಾಲರಿ ಹಾಕಿದರೂ ಹೀಗೇ ಆಗುತ್ತದೆ, 25 ಮೀಟರಿನ ಚೌಕ, 625 ಚದರ ಮೀಟರ್.

ಕೆಲವು ವರ್ಷದ ಹಿಂದೆ ಈ ಲೆಕ್ಕ ಮುಗಿಸಿ ಬೋರ್ಡ್ ಒರೆಸುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸರ್, ನಮ್ಮ ಮನೆ ಹಿಂದೆ ತರಕಾರಿಗೆ ಬೇಲಿ ಹಾಕಬೇಕು ಅಂತ ಅಪ್ಪ ಜಾಲರಿ ತಂದಿದ್ದಾರೆ. ನೂರು ಮೀಟರೇ ಇದೆ. ಆದ್ರೆ ಗೋಡೆ ನಲವತ್ತೇ ಮೀಟರ್ ಸರ್. ಐವತ್ತು ಎಲ್ಲಿಂದ ತರೋದು?"

ನನಗೆ ಆ ಪ್ರಶ್ನೆ ಎಷ್ಟು ಇಷ್ಟವಾಯಿತು ಅಂದರೆ ಅವತ್ತಿನ ಉಳಿದ ಪಾಠ ಬಿಟ್ಟು ಅದನ್ನೇ ಹಿಡಿದೆ. ಈಗಲೂ ಪ್ರತಿ ವರ್ಷ ಇದನ್ನು ಮಾಡಿಸುತ್ತೇನೆ, ಯಾಕೆಂದರೆ ಪುಸ್ತಕದ ಲೆಕ್ಕದಲ್ಲಿ ಗೋಡೆಗೆ ಕೊನೆಯೇ ಇರುವುದಿಲ್ಲ.

ಮೊದಲು ಯಾರೋ ಹೇಳಿದರು, 50 ಮೀಟರೇ ಇಡೋಣ, ಗೋಡೆ ಮುಗಿದ ಮೇಲೆ ಕಮ್ಮಿ ಬಿದ್ದ 10 ಮೀಟರಿಗೆ ಅದೇ ಸಾಲಿನಲ್ಲಿ ಜಾಲರಿ ಕಟ್ಟೋಣ ಅಂತ. ಮಾಡಿ ನೋಡಿದೆವು. ಎದುರಿಗೆ 50, ಗೋಡೆಯ ಸಾಲಿಗೆ 10, ಉಳಿದದ್ದು 40, ಎರಡು ಬದಿಗೆ ತಲಾ 20. ವಿಸ್ತೀರ್ಣ 50 × 20 = 1000. ಇನ್ನೊಬ್ಬಳು ಹೇಳಿದಳು, ಗೋಡೆ ಎಷ್ಟಿದೆಯೋ ಅಷ್ಟಕ್ಕೇ ನಿಲ್ಲಿಸೋಣ ಸರ್, y = 40. ಆಗ ಎರಡು ಬದಿಗೆ 60 ಉಳಿಯುತ್ತದೆ, ತಲಾ 30, ವಿಸ್ತೀರ್ಣ 1200. ಪುಸ್ತಕದ ಉತ್ತರಕ್ಕೇ ಜೋತುಬಿದ್ದಿದ್ದರೆ 200 ಚದರ ಮೀಟರ್, ಹತ್ತಿರಹತ್ತಿರ ಎರಡು ಗುಂಟೆ ಕೈಬಿಡುತ್ತಿತ್ತು. ಆದರೆ 1200 ಅನ್ನುವುದೇ ಅತಿ ಹೆಚ್ಚು ಅಂತ ಹೇಗೆ ಹೇಳುವುದು? 36 ಇಟ್ಟರೆ, 43 ಇಟ್ಟರೆ ಏನಾಗುತ್ತದೋ.

ಇಲ್ಲಿ ಒಂದು ಸೂತ್ರ ಸಾಲದು, ಎರಡು ಬೇಕು. ಬೇಲಿ ಗೋಡೆಯ ಒಳಗೇ ಇದ್ದರೆ, ಅಂದರೆ y ನಲವತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಹಳೆಯ ಸೂತ್ರವೇ. ಅದನ್ನು y ಲೆಕ್ಕದಲ್ಲಿ ಬರೆದರೆ A = y(100 − y)/2, ಡೆರಿವೇಟಿವ್ 50 − y. ಬೇಲಿ ಗೋಡೆಯನ್ನು ದಾಟಿದರೆ ಕಥೆ ಬೇರೆ. ದಾಟಿದ ಪ್ರತಿ ಮೀಟರಿಗೂ ಎರಡು ಸಲ ಜಾಲರಿ ಬೇಕು, ಎದುರಿಗೊಮ್ಮೆ, ಗೋಡೆಯ ಸಾಲಿಗೊಮ್ಮೆ. 2x + y + (y − 40) = 100 ಆಗುತ್ತದೆ, x = 70 − y ಬರುತ್ತದೆ, A = y(70 − y), ಡೆರಿವೇಟಿವ್ 70 − 2y.

ಈಗ ಎರಡನ್ನೂ ಸೊನ್ನೆ ಮಾಡಿ ನೋಡಿ. ಮೊದಲನೆಯದು y = 50 ಅನ್ನುತ್ತದೆ, ಆದರೆ ಆ ಸೂತ್ರ 40ರವರೆಗೆ ಮಾತ್ರ ನಡೆಯುತ್ತದೆ. ಎರಡನೆಯದು y = 35 ಅನ್ನುತ್ತದೆ, ಆ ಸೂತ್ರ ಶುರುವಾಗುವುದೇ 40ರಿಂದ. ಎರಡೂ ಉತ್ತರ ತಮ್ಮ ಜಾಗದ ಹೊರಗೆ ಬಿದ್ದಿವೆ. ಎರಡು ಸೂತ್ರ, ಎರಡು ಸೊನ್ನೆ, ಉಪಯೋಗಕ್ಕೆ ಒಂದೂ ಇಲ್ಲ! ಮಕ್ಕಳು ಇಲ್ಲಿಗೆ ಬಂದಾಗ ಪೆನ್ನು ಕೆಳಗಿಡುತ್ತಾರೆ.

ಸೊನ್ನೆ ಬಿಟ್ಟು ಚಿಹ್ನೆ ನೋಡಬೇಕು. 40ರವರೆಗೆ 50 − y ಉದ್ದಕ್ಕೂ ಧನ, ಅಂದರೆ ವಿಸ್ತೀರ್ಣ ಏರುತ್ತಲೇ ಇದೆ. 40 ದಾಟಿದ ಮೇಲೆ 70 − 2y ಉದ್ದಕ್ಕೂ ಋಣ, ವಿಸ್ತೀರ್ಣ ಇಳಿಯುತ್ತಲೇ ಇದೆ. 40ಕ್ಕೆ ಎಡಗಡೆಯಿಂದ ಬಂದರೆ ಏರುವ ವೇಗ 10, ಬಲಗಡೆಗೆ ಕಾಲಿಟ್ಟ ಕೂಡಲೇ ಇಳಿಯುವ ವೇಗ 10. ಗ್ರಾಫ್ ಬರೆದರೆ ಅಲ್ಲಿ ಬೋಳು ಗುಡ್ಡದ ನೆತ್ತಿ ಇರುವುದಿಲ್ಲ, ಮನೆಯ ಮಾಡಿನ ಹಾಗೆ ಚೂಪು ತುದಿ ಇರುತ್ತದೆ. ಆ ತುದಿಯಲ್ಲಿ ಡೆರಿವೇಟಿವ್ ಸೊನ್ನೆ ಅಲ್ಲ, ಡೆರಿವೇಟಿವ್ ಇಲ್ಲವೇ ಇಲ್ಲ. ಆದರೂ ಅತಿ ಹೆಚ್ಚು ವಿಸ್ತೀರ್ಣ ಇರುವುದು ಅಲ್ಲೇ. ಹುಡುಗಿ ಹೇಳಿದ 1200 ಸರಿ.

ಹಾಗಾದರೆ ಯಾವಾಗಲೂ ಗೋಡೆ ಮುಗಿದಲ್ಲಿಗೇ ನಿಲ್ಲಿಸುವುದಾ? ಅದೂ ಅಲ್ಲ. ಗೋಡೆ 20 ಮೀಟರ್ ಮಾತ್ರ ಇದೆ ಅಂದುಕೊಳ್ಳಿ. ಅಲ್ಲಿಗೇ ನಿಲ್ಲಿಸಿದರೆ 20 × 40 = 800. ದಾಟಿದರೆ x = 60 − y, ಡೆರಿವೇಟಿವ್ 60 − 2y, y = 20 ಇದ್ದಾಗಲೂ ಅದು ಇನ್ನೂ ಧನವೇ. 30ರವರೆಗೆ ಹೋಗಬಹುದು. 30 ಮೀಟರಿನ ಚೌಕ, 900 ಚದರ ಮೀಟರ್, ಗೋಡೆಯ ಸಾಲಿನಲ್ಲಿ 10 ಮೀಟರ್ ಜಾಲರಿ. 100 ಮೀಟರ್ ಜಾಲರಿಗೆ ಈ ಲೆಕ್ಕ ಮೂರು ಹೋಳಾಗುತ್ತದೆ. ಗೋಡೆ 50 ಅಥವಾ ಅದಕ್ಕಿಂತ ಉದ್ದ ಇದ್ದರೆ ಪುಸ್ತಕದ ಉತ್ತರ. ಸುಮಾರು 33ರಿಂದ 50ರ ನಡುವೆ ಇದ್ದರೆ ಗೋಡೆ ಎಷ್ಟೋ ಬೇಲಿಯೂ ಅಷ್ಟೇ. ಅದಕ್ಕಿಂತ ಗಿಡ್ಡ ಇದ್ದರೆ ಗೋಡೆಯನ್ನೂ ಜಾಲರಿ ಅಂತಲೇ ಲೆಕ್ಕಕ್ಕೆ ಸೇರಿಸಿ ಚೌಕ ಮಾಡಿ.

ಉತ್ತರ ಪತ್ರಿಕೆ ತಿದ್ದುವಾಗ ನನಗೆ ಬೇಜಾರಾಗುವುದು ಇದೇ ಜಾಗದಲ್ಲಿ. ಡೆರಿವೇಟಿವ್ ಸೊನ್ನೆ ಮಾಡಿ, ಎರಡನೇ ಡೆರಿವೇಟಿವ್ −4 ಬಂತು, ಋಣ ಇದೆ, ಆದ್ದರಿಂದ ಗರಿಷ್ಠ ಅಂತ ಮಂತ್ರದ ಹಾಗೆ ಬರೆದಿರುತ್ತಾರೆ. ಆ ಋಣ ಚಿಹ್ನೆ ಹೇಳುವುದು ಆ ಬಿಂದುವಿನ ಸುತ್ತ ಗ್ರಾಫ್ ಕೆಳಮುಖವಾಗಿ ಬಾಗಿದೆ ಅನ್ನುವುದನ್ನು ಮಾತ್ರ. ಆ ಬಿಂದು ನಿಮ್ಮ ಜಮೀನಿನಲ್ಲಿ ಇದೆಯಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದಕ್ಕೇ ನಾನು ಸೂತ್ರದ ಪಕ್ಕದಲ್ಲೇ x ಎಲ್ಲಿಂದ ಎಲ್ಲಿಯವರೆಗೆ ಅಂತ ಬರೆಸುತ್ತೇನೆ, ಡೆರಿವೇಟಿವ್ ತೆಗೆಯುವ ಮೊದಲೇ. ಮೊದಲ ಲೆಕ್ಕದಲ್ಲಿ x ಸೊನ್ನೆಯಿಂದ 50ರವರೆಗೆ, ಎರಡೂ ತುದಿಯಲ್ಲಿ ವಿಸ್ತೀರ್ಣ ಸೊನ್ನೆ, ನಡುವೆ ಡೆರಿವೇಟಿವ್ ಸೊನ್ನೆಯಾಗುವ ಜಾಗ ಒಂದೇ. ಹಾಗಾಗಿ ಗರಿಷ್ಠ ಅದೇ, ಎರಡನೇ ಡೆರಿವೇಟಿವ್ ಬೇಕಾಗಿಯೇ ಇಲ್ಲ.

ಆ ಹುಡುಗನ ಅಪ್ಪ ಆಮೇಲೆ ಒಂದು ದಿನ ಸಿಕ್ಕಿದ್ದರು. ಅವರ ಪ್ರಶ್ನೆ ಬೇರೆ. "ಮೇಷ್ಟ್ರೇ, ಒಂದಡಿ ಎರಡಡಿ ಆಚೀಚೆ ಆದ್ರೆ ತುಂಬಾ ಲಾಸಾ? ಕಂಬ ನೆಡೋಕೆ ಹೋದ್ರೆ ಬಂಡೆ ಸಿಗುತ್ತೆ." ಗೋಡೆ ಉದ್ದ ಇರುವ ಲೆಕ್ಕದಲ್ಲಿ ಇದಕ್ಕೆ ಚೆಂದದ ಉತ್ತರ ಇದೆ. ವಿಸ್ತೀರ್ಣವನ್ನು 1250 − 2(x − 25)² ಅಂತ ಬರೆಯಬಹುದು. x ಒಂದು ಮೀಟರ್ ತಪ್ಪಿದರೆ ಹೋಗುವುದು 2 ಚದರ ಮೀಟರ್ ಅಷ್ಟೇ. ನೆತ್ತಿಯ ಹತ್ತಿರ ಗುಡ್ಡ ಹೆಚ್ಚುಕಡಿಮೆ ಮಟ್ಟಸ. ಕೆಪ್ಲರ್ 1615ರಲ್ಲಿ ದ್ರಾಕ್ಷಾರಸದ ಪೀಪಾಯಿಗಳ ಅಳತೆ ಬಗ್ಗೆ ಬರೆದಾಗ ಇದನ್ನೇ ಗಮನಿಸಿದ್ದ, ಗರಿಷ್ಠದ ಹತ್ತಿರ ಆಕಾರ ಸ್ವಲ್ಪ ಬದಲಾದರೂ ಹಿಡಿಯುವ ಪ್ರಮಾಣ ಬದಲಾಗುವುದೇ ಕಾಣದಷ್ಟು ಕಡಿಮೆ ಅಂತ. ಡೆರಿವೇಟಿವ್ ಅನ್ನುವ ಮಾತೇ ಆಗ ಹುಟ್ಟಿರಲಿಲ್ಲ.

ಆದರೆ ಅವರ ಮನೆಯ ಲೆಕ್ಕಕ್ಕೆ ಈ ಸಮಾಧಾನ ಸಿಗುವುದಿಲ್ಲ. ಅಲ್ಲಿ ತುದಿ ಚೂಪು. 40ರಿಂದ ಯಾವ ಕಡೆಗೆ ಒಂದು ಮೀಟರ್ ಸರಿದರೂ ಸುಮಾರು 10 ಚದರ ಮೀಟರ್ ಹೋಗುತ್ತದೆ. "ಮೂಲೆ ಕಂಬ ಎರಡನ್ನೂ ಗೋಡೆಯ ತುದಿಗೇ ಸೇರಿಸಿ ನೆಡಿ, ಬಂಡೆ ಸಿಕ್ಕಿದರೆ ಎದುರಿನ ಸಾಲಿನಲ್ಲಿ ಬೇಕಾದರೆ ಸರಿಸಿಕೊಳ್ಳಿ" ಅಂದೆ.

ಇದೆಲ್ಲ ಆಯತಕ್ಕೆ ಮಾತ್ರ, ಅದನ್ನೂ ಹೇಳಬೇಕು. ಉದ್ದನೆಯ ಗೋಡೆ ಇದ್ದು, ಜಾಲರಿಯನ್ನು ಮೂರು ಸಮ ಭಾಗ ಮಾಡಿ ಅರ್ಧ ಷಡ್ಭುಜದ ಹಾಗೆ ಓರೆಯಾಗಿ ಕಟ್ಟಿದರೆ 1443 ಚದರ ಮೀಟರ್ ಸಿಗುತ್ತದೆ. ಅದಕ್ಕೆ ಸುಮಾರು 67 ಮೀಟರ್ ಗೋಡೆ ಬೇಕು ಅನ್ನುವುದು ಬೇರೆ ಮಾತು. x(100 − 2x) ಬರೆದ ಕ್ಷಣವೇ ನಾವು ಆಯತಕ್ಕೆ ಒಪ್ಪಿಕೊಂಡಿರುತ್ತೇವೆ, ಡೆರಿವೇಟಿವ್ ಅದರಾಚೆಗೆ ಹುಡುಕುವುದಿಲ್ಲ. ಸಾಲು ಹೊಡೆದು ತರಕಾರಿ ಬೆಳೆಯುವವರಿಗೆ ಓರೆ ಮೂಲೆಗಳು ಅಷ್ಟು ಇಷ್ಟವೂ ಆಗುವುದಿಲ್ಲ.

ಕೊನೆಗೆ ಅವರು 3 ಮೀಟರಿನ ಗೇಟ್ ಕೂಡ ಹಾಕಿಸಿದರು. ಗೇಟ್ ಇರುವಲ್ಲಿ ಜಾಲರಿ ಬೇಡವಲ್ಲ, ಹಾಗಾಗಿ ಬೇಲಿ ಒಟ್ಟು 103 ಮೀಟರ್ ಆಯಿತು. ಹುಡುಗ ಮರುದಿನ ಲೆಕ್ಕ ಮಾಡಿಕೊಂಡೇ ಬಂದಿದ್ದ. ಉದ್ದ 40ರಲ್ಲೇ ನಿಂತಿದೆ, ಬದಿಗಳು ಮಾತ್ರ ತಲಾ 31.5, ಒಟ್ಟು 1260 ಚದರ ಮೀಟರ್.